ವರದಿಯ ಚಿತ್ರ, ವೈದ್ಯರಿಗೆ ಪ್ರಶ್ನೆ

ದೂರದ ಊರಿನಲ್ಲಿರುವ ಮಗನಿಗೆ ತಾಯಿಯ ರಕ್ತಪರೀಕ್ಷೆಯ ವರದಿ ಮೊಬೈಲಿನಲ್ಲಿ ಚಿತ್ರವಾಗಿ ಬಂದಿದೆ ಎನ್ನೋಣ. ತಾಯಿಗೆ 58 ವರ್ಷ. ಮಂಡಿನೋವಿಗೆ ಮಾತ್ರೆ ಸೇವಿಸುತ್ತಾರೆ. ಹಿಮೋಗ್ಲೋಬಿನ್ 9.8, ಎಂ.ಸಿ.ವಿ. 72.

ಮೊದಲು ಚಿತ್ರವನ್ನೇ ಪರಿಶೀಲಿಸಬೇಕು. ಹೆಸರು, ದಿನಾಂಕ, ಸಾಮಾನ್ಯ ಮಿತಿ, ಅಳತೆಯ ಮಾನ ಎಲ್ಲವೂ ಕಾಣಬೇಕು, ಡೆಸಿಲೀಟರಿಗೆ 9.8 ಗ್ರಾಂ ಎಂಬುದನ್ನೇ ಲೀಟರಿಗೆ 98 ಗ್ರಾಂ ಎಂದೂ ಬರೆಯುವುದುಂಟು.

ಮಹಿಳೆಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುವರು. ಎಂ.ಸಿ.ವಿ. ಎಂಬುದು ಕೆಂಪು ರಕ್ತಕಣಗಳ ಸರಾಸರಿ ಗಾತ್ರ. 80ಕ್ಕಿಂತ ಕಡಿಮೆಯಾದರೆ ಕಣಗಳು ಚಿಕ್ಕವಾಗಿವೆ ಎಂದರ್ಥ. ಏಕೆ ಎಂಬುದನ್ನು ಈ ಅಂಕಿಗಳು ಹೇಳಲಾರವು. ಅದನ್ನು ವೈದ್ಯರಲ್ಲಿ ಹೀಗೆ ಕೇಳಬಹುದು:

1. ಹಳೆಯ ವರದಿಗೆ ಹೋಲಿಸಿದರೆ ಇದು ಈಚಿನ ಇಳಿಕೆಯೋ, ಬಹುಕಾಲದ್ದೋ?

2. ಕಬ್ಬಿಣಾಂಶದ ಕೊರತೆಯೋ, ವಂಶಪಾರಂಪರ್ಯದ ಕಾರಣವೋ ತಿಳಿಯಲು ಫೆರಿಟಿನ್ ಮುಂತಾದ ಯಾವ ಪರೀಕ್ಷೆ ಬೇಕು?

3. ಮುಟ್ಟು ನಿಂತ ವಯಸ್ಸಾದ್ದರಿಂದ, ಜಠರ ಅಥವಾ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ನೋಡಬೇಕೇ? ನೋವಿನ ಮಾತ್ರೆಯ ಪಾತ್ರವಿದೆಯೇ?

4. ಮರುಪರೀಕ್ಷೆ ಯಾವಾಗ?

ಕೇಳುವ ಮುನ್ನವೇ ಕಬ್ಬಿಣದ ಮಾತ್ರೆ ಆರಂಭಿಸಬಾರದು. ಅಂಕಿ ಏರಿ, ಸೋರಿಕೆ ಮರೆಯಲ್ಲೇ ಉಳಿದೀತು. ಮಲ ಕಪ್ಪಾಗಿದ್ದರೆ, ಎದೆನೋವು ಅಥವಾ ಏದುಸಿರು ಇದ್ದರೆ, ಪಟ್ಟಿಯನ್ನು ಬದಿಗಿಟ್ಟು ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.