ಹೆಬ್ಬೆಟ್ಟು, ಗಾಜು ಮತ್ತು 42 ಡಿಗ್ರಿ

ನ್ಯಾಯಬೆಲೆ ಅಂಗಡಿಯ ಮೇಜಿನ ಮೇಲೆ ಇರುವ ಹೆಬ್ಬೆಟ್ಟಿನ ಯಂತ್ರವನ್ನು ನಾವೆಲ್ಲ ನೋಡಿದ್ದೇವೆ. ಅಂಗೈಯಗಲದ ಪೆಟ್ಟಿಗೆ, ಅದರ ಮೇಲೆ ಚಿಕ್ಕ ಗಾಜಿನ ಕಿಂಡಿ, ಒಳಗೊಂದು ಬಣ್ಣದ ದೀಪ. ಬೆರಳಿಟ್ಟ ಕ್ಷಣದಲ್ಲೇ ಗೆರೆಗಳು ಪರದೆಯ ಮೇಲೆ ಮೂಡುತ್ತವೆ. ಶಾಯಿಯ ಗೊಡವೆಯಿಲ್ಲ. ಒಳಗಿನ ಕ್ಯಾಮೆರಾ ಬೆರಳಿನ ಫೋಟೊ ತೆಗೆಯುತ್ತಿದೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಗಾಜಿನ ಪಟ್ಟಕ ಬಳಸುವ ಯಂತ್ರಗಳಲ್ಲಿ ಆ ಕ್ಯಾಮೆರಾಕ್ಕೆ ಬೆರಳು ಪೂರ್ತಿಯಾಗಿ ಕಾಣುವುದೇ ಇಲ್ಲ. ಚರ್ಮ ಗಾಜಿಗೆ ಎಲ್ಲೆಲ್ಲಿ ತಾಗಿದೆ ಎಂಬುದಷ್ಟೇ ಕಾಣುತ್ತದೆ. ತಾಗದ ಚರ್ಮ ಕೂದಲೆಳೆಯಷ್ಟು ದೂರದಲ್ಲಿದ್ದರೂ ಅದರ ಪಾಲಿಗೆ ಇಲ್ಲವೇ ಇಲ್ಲ. ಗಾಜಿನಿಂದ ಗಾಳಿಗೆ ಹೊರಟ ಬೆಳಕು ಒಂದು ಹಂತದಲ್ಲಿ ಹೊರಬರಲಾರದೆ ಹಿಂದಿರುಗುವುದೇ ಇದಕ್ಕೆ ಕಾರಣ.

ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ತೆಳುವಾದ, ಕೆತ್ತನೆಯಿಲ್ಲದ ಗಾಜಿನ ಲೋಟಕ್ಕೆ ಮುಕ್ಕಾಲು ನೀರು ತುಂಬಿ ಕೈಯಲ್ಲಿ ಹಿಡಿದುಕೊಳ್ಳಿ. ಈಗ ಮೇಲಿನಿಂದ, ನೀರಿನ ಮೂಲಕ, ಲೋಟದ ಒಳಗೋಡೆಯನ್ನು ನೋಡಿ. ಗೋಡೆ ಬೆಳ್ಳಿಯ ಹಾಗೆ ಹೊಳೆಯುತ್ತಿರುತ್ತದೆ. ಅದರಾಚೆ ಇರುವ ನಿಮ್ಮ ಬೆರಳುಗಳು ಹೆಚ್ಚುಕಡಿಮೆ ಮಾಯವಾಗಿರುತ್ತವೆ. ಬೆರಳ ತುದಿಗೆ ಸ್ವಲ್ಪ ನೀರು ಸವರಿ ಲೋಟಕ್ಕೆ ಒತ್ತಿ. ಆ ಬೆಳ್ಳಿಯ ನಡುವೆ ಬೆರಳಿನ ಸುರುಳಿಗೆರೆಗಳು ಒಂದೊಂದಾಗಿ ಎದ್ದು ಕಾಣುತ್ತವೆ. ಹೆಬ್ಬೆಟ್ಟಿನ ಯಂತ್ರದೊಳಗೆ ನಡೆಯುವುದೂ ಇದೇ.

ಬೆಳಕು ಗಾಜಿನಿಂದ ಗಾಳಿಗೆ ಬರುವಾಗ ಬಾಗುತ್ತದೆ. ಗಾಜಿನ ಮೈಗೆ ನೇರವಾಗಿ ನಿಲ್ಲಿಸಿದ ಗೆರೆಯನ್ನು ಲಂಬ ಎಂದು ಕರೆದು, ಕೋನಗಳನ್ನೆಲ್ಲ ಆ ಲಂಬದಿಂದ ಅಳೆಯುವುದು ರೂಢಿ. ಸಾಮಾನ್ಯ ಗಾಜಿನ ವಕ್ರೀಭವನ ಸೂಚ್ಯಂಕ ಸುಮಾರು 1.5. ಅಂದರೆ ಒಳಗಿನ ಕೋನದ ಸೈನ್ ಬೆಲೆಯನ್ನು 1.5ರಿಂದ ಗುಣಿಸಿದರೆ ಹೊರಗಿನ ಕೋನದ ಸೈನ್ ಸಿಗುತ್ತದೆ. ಒಳಗೆ 20 ಡಿಗ್ರಿಯಲ್ಲಿ ಬಂದ ಕಿರಣ ಹೊರಗೆ 31 ಡಿಗ್ರಿಯಲ್ಲಿ ಹೋಗುತ್ತದೆ, 30ರಲ್ಲಿ ಬಂದದ್ದು 49ರಲ್ಲಿ, 40ರಲ್ಲಿ ಬಂದದ್ದು ಸುಮಾರು 75ರಲ್ಲಿ. ಒಳಗಿನ ಕೋನ ಸ್ವಲ್ಪ ಹೆಚ್ಚಿದರೂ ಹೊರಗಿನದು ಧಾವಿಸುತ್ತದೆ. ಒಳಗೆ 41.8 ಡಿಗ್ರಿ ಆದಾಗ ಹೊರಗಿನ ಕೋನ 90 ಮುಟ್ಟುತ್ತದೆ, ಕಿರಣ ಗಾಜಿನ ಮೈಯನ್ನು ಸವರಿಕೊಂಡೇ ಹೋಗಬೇಕಾಗುತ್ತದೆ. ಇದೇ ಗಾಜಿನ ಕ್ರಾಂತಿಕೋನ. ಅದನ್ನು ದಾಟಿದರೆ ಲೆಕ್ಕ ಸೈನ್ ಬೆಲೆ ಒಂದಕ್ಕಿಂತ ಹೆಚ್ಚಿರಬೇಕು ಎನ್ನುತ್ತದೆ, ಅಂಥ ಕೋನವೇ ಇಲ್ಲ. ಹೊರಗೆ ದಾರಿಯಿಲ್ಲದ ಬೆಳಕು ಅಷ್ಟೂ ಗಾಜಿನೊಳಕ್ಕೆ ಮರಳುತ್ತದೆ. ಸಂಪೂರ್ಣ ಆಂತರಿಕ ಪ್ರತಿಫಲನ ಎಂದು ಶಾಲೆಯಲ್ಲಿ ಓದಿದ್ದು ಇದನ್ನೇ.

ಶಾಲೆಯ ಚಿತ್ರಗಳಲ್ಲಿ ಒಂದು ವಿಷಯ ಮರೆಯಾಗುತ್ತದೆ. ಕ್ರಾಂತಿಕೋನಕ್ಕೆ ಮೊದಲು ಎಲ್ಲ ಬೆಳಕೂ ಹೊರಹೋಗಿ, ಅದಾದ ಮೇಲೆ ದಿಢೀರನೆ ಎಲ್ಲವೂ ಒಳಗೇ ಉಳಿಯುತ್ತದೆ ಎಂಬಂತೆ ಅವು ತೋರಿಸುತ್ತವೆ. ನಿಜವಾಗಿ, ಬೆಳಕು ನೆಟ್ಟಗೆ ಬಂದಾಗಲೂ ಗಾಜಿನ ಅಂಚಿನಲ್ಲಿ ಶೇಕಡಾ 4ರಷ್ಟು ಹಿಂದಿರುಗಿಯೇ ತೀರುತ್ತದೆ. 40 ಡಿಗ್ರಿಯಲ್ಲಿ ಸುಮಾರು ಕಾಲುಭಾಗ, 41ರಲ್ಲಿ ಶೇಕಡಾ 38ರಷ್ಟು. ಅಲ್ಲಿಂದ ಮುಂದೆ ಒಂದು ಡಿಗ್ರಿಯೂ ತುಂಬುವ ಮೊದಲೇ ಅದು ನೂರಕ್ಕೆ ನೂರಾಗುತ್ತದೆ. ಏರಿಕೆ ಮೊದಲಿಂದಲೂ ಇದೆ, ಕೊನೆಯ ಎರಡು ಡಿಗ್ರಿಯಲ್ಲಿ ಮಾತ್ರ ಅದು ಕಡಿದಾಗುತ್ತದೆ. ಹೀಗೆ ಮರಳಿದ ಬೆಳಕಿನಲ್ಲಿ ನಷ್ಟವೇ ಇಲ್ಲ. ಬೆಳ್ಳಿ ಲೇಪಿಸಿದ ಕನ್ನಡಿಯೂ ಬಿದ್ದ ಬೆಳಕಿನಲ್ಲಿ ಅಷ್ಟಿಷ್ಟು ತಾನೇ ನುಂಗುತ್ತದೆ. ಲೇಪವೇ ಇಲ್ಲದ ಬರಿಯ ಗಾಜು ಅದನ್ನು ಮೀರಿಸುತ್ತದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈ ಕೋನವನ್ನು ಹಿಡಿದವರು ಗ್ರಹಗಳ ಚಲನೆಯ ನಿಯಮ ಕೊಟ್ಟ ಯೋಹಾನೆಸ್ ಕೆಪ್ಲರ್. 1611ರಲ್ಲಿ ಪ್ರಕಟವಾದ 'ಡಯಾಪ್ಟ್ರಿಸ್' ಗ್ರಂಥದಲ್ಲಿ ಅವರು ಗಾಜಿಗೆ ಸುಮಾರು 42 ಡಿಗ್ರಿಯ ಮಿತಿಯನ್ನು ಹೇಳಿದ್ದರು. ಸೈನ್ ಲೆಕ್ಕದ ನಿಯಮ ಆಗಿನ್ನೂ ಅವರ ಕೈಯಲ್ಲಿರಲಿಲ್ಲ. ಡೆಕಾರ್ಟ್ ಅದನ್ನು ಪ್ರಕಟಿಸಿದ್ದು 1637ರಲ್ಲಿ. ಸೂತ್ರ ಗೊತ್ತಿಲ್ಲದೆ, ಬರಿಯ ಅಳತೆ ಮತ್ತು ತರ್ಕದಿಂದ ಕೆಪ್ಲರ್ ಮಿತಿಯನ್ನು ಸರಿಯಾಗಿಯೇ ಕಂಡಿದ್ದರು.

ಹೆಬ್ಬೆಟ್ಟಿನ ಯಂತ್ರಕ್ಕೆ ಬರೋಣ. ಕಿಂಡಿಯ ಗಾಜು ಒಂದು ಪಟ್ಟಕದ ಮೇಲ್ಮೈ. ಪಟ್ಟಕದ ಒಂದು ಪಕ್ಕದಿಂದ ದೀಪದ ಬೆಳಕು ಬಂದು ಮೇಲ್ಮೈಗೆ ಒಳಗಿನಿಂದ ಬಡಿಯುತ್ತದೆ, ಇನ್ನೊಂದು ಪಕ್ಕದಲ್ಲಿ ಕ್ಯಾಮೆರಾ ಕೂತಿದೆ. ಬೆಳಕು ಬಡಿಯುವ ಕೋನ 45 ಡಿಗ್ರಿ ಎಂದು ಇಟ್ಟುಕೊಳ್ಳೋಣ. ಅದು 41.8ಕ್ಕಿಂತ ಹೆಚ್ಚು. ಆದ್ದರಿಂದ ಕಿಂಡಿ ಖಾಲಿಯಿದ್ದಾಗ ಬೆಳಕೆಲ್ಲ ತಿರುಗಿ ಕ್ಯಾಮೆರಾಕ್ಕೇ ಬರುತ್ತದೆ, ಪರದೆ ಪೂರ್ತಿ ಬೆಳ್ಳಗಿರುತ್ತದೆ.

ಬೆರಳಿಟ್ಟಾಗ ಚರ್ಮದ ಏಣುಗಳು ಗಾಜಿಗೆ ತಾಗುತ್ತವೆ, ನಡುವಿನ ತಗ್ಗುಗಳಲ್ಲಿ ಗಾಳಿ ಉಳಿಯುತ್ತದೆ. ಏಣಿನ ತೇವವನ್ನು ನೀರೆಂದೇ ಭಾವಿಸಿದರೆ ಅದರ ಸೂಚ್ಯಂಕ 1.33. ಗಾಜಿನಾಚೆ ಗಾಳಿಯ ಬದಲು ನೀರು ಇದ್ದರೆ ಕ್ರಾಂತಿಕೋನ 41.8 ಅಲ್ಲ, 62 ಡಿಗ್ರಿಗೂ ಮೇಲೆ. 45 ಡಿಗ್ರಿಯಲ್ಲಿ ಬಂದ ಬೆಳಕಿಗೆ ಈಗ ಬಾಗಿಲು ತೆರೆದ ಹಾಗಾಯಿತು. ಅದು ಸುಮಾರು 53 ಡಿಗ್ರಿಗೆ ಬಾಗಿ ಚರ್ಮದೊಳಕ್ಕೆ ಹೋಗಿ ಚದುರಿಬಿಡುತ್ತದೆ. ಪರದೆಯ ಮೇಲೆ ಆ ಏಣು ಕಪ್ಪು ಗೆರೆಯಾಗುತ್ತದೆ, ಪಕ್ಕದ ತಗ್ಗು ಬಿಳಿಯಾಗಿಯೇ ಉಳಿಯುತ್ತದೆ.

ತಗ್ಗಿನಲ್ಲಿರುವ ಚರ್ಮ ಗಾಳಿಯ ಮೂಲಕವಾದರೂ ಕಾಣಬೇಕಿತ್ತಲ್ಲ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅದಕ್ಕೆ ಉತ್ತರ ಕ್ರಾಂತಿಕೋನದಲ್ಲೇ ಇದೆ. ಗಾಳಿಯಿಂದ ಗಾಜಿಗೆ ಬರುವ ಬೆಳಕು ಎಷ್ಟೇ ಓರೆಯಾಗಿ ಬರಲಿ, ಒಳಗೆ ಅದರ ಕೋನ 41.8 ಡಿಗ್ರಿಯನ್ನು ಮೀರುವುದಿಲ್ಲ. ಕ್ಯಾಮೆರಾ ನೋಡುತ್ತಿರುವುದು 45ರ ದಿಕ್ಕಿನಲ್ಲಿ. ಹೊರಲೋಕದ ಯಾವ ಬೆಳಕೂ ಗಾಳಿಯ ದಾರಿಯಲ್ಲಿ ನೇರವಾಗಿ ಆ ದಿಕ್ಕಿಗೆ ಬರಲಾರದು. ಕ್ಯಾಮೆರಾವನ್ನು ಮೂರು ಡಿಗ್ರಿ ಆಚೆ ಇಟ್ಟ ಮಾತ್ರಕ್ಕೆ ಅದರ ಪಾಲಿಗೆ ಅಂಗಡಿ, ಕಿಟಕಿ, ಸಾಲಿನಲ್ಲಿ ನಿಂತ ಜನ ಎಲ್ಲವೂ ಇಲ್ಲವಾಗುತ್ತವೆ.

ಇನ್ನು 'ತಾಗುವುದು' ಅಂದರೆ ಎಷ್ಟು ಹತ್ತಿರ? ನ್ಯೂಟನ್ 1704ರ 'ಆಪ್ಟಿಕ್ಸ್' ಗ್ರಂಥದಲ್ಲಿ ಎರಡು ಪಟ್ಟಕಗಳನ್ನು ಒಂದಕ್ಕೊಂದು ಬಿಗಿಯಾಗಿ ಒತ್ತಿದ ಪ್ರಯೋಗವನ್ನು ವಿವರಿಸಿದ್ದಾರೆ. ಬೆಳಕು ಪೂರ್ತಿ ಮರಳುತ್ತಿದ್ದ ಮೈಯ ನಡುವೆ, ಗಾಜುಗಳು ಕೂಡಿದ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಅಲ್ಲಿ ಬೆಳಕು ಒಂದೇ ಗಾಜಿನಲ್ಲಿ ಸಾಗುವಂತೆ ಆಚೆಗೆ ದಾಟುತ್ತಿತ್ತು. ನಮ್ಮ ಕಪ್ಪು ಗೆರೆಗಳು ಆ ಚುಕ್ಕೆಯ ವಂಶದವೇ.

ಸಂಪೂರ್ಣವಾಗಿ ಮರಳುವಾಗಲೂ ಬೆಳಕಿನ ಅಲೆ ಗಾಜಿನ ಅಂಚಿನಲ್ಲಿ ಗೆರೆ ಕೊಯ್ದಂತೆ ನಿಲ್ಲುವುದಿಲ್ಲ. ಅಂಚಿನಾಚೆ ಗಾಳಿಯಲ್ಲಿ ಅದು ತುಸು ದೂರ ಚಾಚಿಕೊಂಡು, ಬೇಗ ಕ್ಷೀಣಿಸುತ್ತದೆ. ಅಲ್ಲಿ ಬೇರೇನೂ ಇಲ್ಲದಿದ್ದರೆ ಅದರ ಶಕ್ತಿ ಅಷ್ಟೂ ಗಾಜಿಗೆ ವಾಪಸು. ಕೆಂಪು ಬೆಳಕು 45 ಡಿಗ್ರಿಯಲ್ಲಿ ಬಂದಾಗ ಈ ಚಾಚು ಮಿಲಿಮೀಟರಿನ ಮೂರು ಸಾವಿರದ ಒಂದು ಭಾಗದಷ್ಟು. ತಲೆಗೂದಲಿನ ದಪ್ಪ ಅದರ ನೂರಾರು ಪಾಲು. ಈ ಅಳತೆಯೊಳಗೆ ಚರ್ಮ ಬಂದರೆ ಬೆಳಕು ಸೋರುತ್ತದೆ, ಬಾರದಿದ್ದರೆ ಇಲ್ಲ. ಇಷ್ಟು ಕಿರಿದಾದ ಸಂದನ್ನು ಅಳೆಯುವುದು ಸುಲಭವಲ್ಲ. ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಬೆಳಕಿನ ಬದಲು ಅದೇ ಜಾತಿಯ, ಆದರೆ ತರಂಗದೂರ ಬಹಳ ಹೆಚ್ಚಿರುವ ಸೂಕ್ಷ್ಮತರಂಗಗಳನ್ನು ಎರಡು ಪಟ್ಟಕಗಳ ನಡುವೆ ಹಾಯಿಸಿದರು. ಆಗ ಸಂದು ಕೈಯಿಂದ ಹೊಂದಿಸಿ ಅಳೆಯುವಷ್ಟು ದೊಡ್ಡದಾಯಿತು. ಸಂದು ಹಿಗ್ಗಿದಂತೆ ಆಚೆ ದಾಟುವ ಪಾಲು ಹೇಗೆ ಕುಗ್ಗುತ್ತದೆ ಎಂದು ತೋರಿಸಿದ ಅವರ ಪ್ರಬಂಧ 1897ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಿಂದ ಪ್ರಕಟವಾಯಿತು.

ಯಂತ್ರ 'ಮ್ಯಾಚ್ ಆಗ್ತಿಲ್ಲ' ಎಂದು ಜನರನ್ನು ವಾಪಸು ಕಳಿಸುವ ಕಷ್ಟದ ಮೂಲವೂ ಈ ಸಣ್ಣ ಸಂದಿನಲ್ಲಿದೆ. ಚಳಿಗಾಲದಲ್ಲಿ, ಮುಪ್ಪಿನಲ್ಲಿ ಚರ್ಮ ಒಣಗಿ ಗಡುಸಾಗುತ್ತದೆ. ಬೆರಳು ಒತ್ತಿದರೂ ಏಣಿನ ಮೈ ಗಾಜಿಗೆ ಪೂರ್ತಿ ಕೂರುವುದಿಲ್ಲ, ನಡುನಡುವೆ ಗಾಳಿ ಉಳಿಯುತ್ತದೆ. ಗೆರೆ ಇರಬೇಕಾದಲ್ಲಿ ಪರದೆಯಲ್ಲಿ ಚುಕ್ಕೆಚುಕ್ಕೆ ಮೂಡುತ್ತದೆ. ಬೆರಳು ತೀರ ಒದ್ದೆಯಿದ್ದರೆ ಇದರ ತಿರುವುಮುರುವು. ತಗ್ಗುಗಳಲ್ಲೂ ನೀರು ತುಂಬಿ, ಬೆಳಕು ಎಲ್ಲೆಡೆ ಸೋರಿ, ಇಡೀ ಬೆರಳು ಒಂದೇ ಕಪ್ಪು ಮುದ್ದೆಯಾಗುತ್ತದೆ. ಹಿಂದಿನವರ ಬೆರಳಿನ ಜಿಡ್ಡು ಗಾಜಿನ ಮೇಲೆ ಸಣ್ಣ ಹನಿಗಳಾಗಿ ಕೂತಿದ್ದರೆ, ಯಾರೂ ಬೆರಳಿಡುವ ಮೊದಲೇ ಪರದೆಯಲ್ಲಿ ಮಸುಕು ಗೆರೆಗಳು ಕಾಣುತ್ತವೆ. ಗಾಜನ್ನು ಒರೆಸಬೇಕು ಎನ್ನುವುದಕ್ಕೆ ಅದೇ ಗುರುತು.

ಒಣ ಬೆರಳಿಗೆ ಪರಿಹಾರ ಸುಲಭ. ಒದ್ದೆ ಬಟ್ಟೆಗೆ ಬೆರಳನ್ನು ಒಮ್ಮೆ ಒತ್ತಿ, ಹೆಚ್ಚಿನ ನೀರನ್ನು ಒರೆಸಿಕೊಂಡು ಇಟ್ಟರೆ ಸಾಕು. ಆ ತೇವ ಏಣಿಗೂ ಗಾಜಿಗೂ ನಡುವಿನ ಗಾಳಿಯನ್ನು ಹೊರದಬ್ಬುತ್ತದೆ. ಕೆಲವು ಯಂತ್ರಗಳಲ್ಲಿ ಇದಕ್ಕಾಗಿಯೇ ಗಾಜಿನ ಮೇಲೆ ಮೆತ್ತನೆಯ ಸಿಲಿಕೋನ್ ಪದರ ಹಾಸಿರುತ್ತಾರೆ. ಒಣ ಚರ್ಮದ ಉಬ್ಬುತಗ್ಗಿಗೆ ಅದು ತಾನೇ ಬಾಗಿ ಹೊಂದಿಕೊಳ್ಳುತ್ತದೆ.

ಆದರೆ ಸಿಮೆಂಟು ಕಲಸಿ, ಕಲ್ಲು ಹೊತ್ತು, ಪಾತ್ರೆ ಉಜ್ಜಿ ಏಣುಗಳೇ ಸವೆದಿರುವ ಬೆರಳಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಏಣಿಗೂ ತಗ್ಗಿಗೂ ವ್ಯತ್ಯಾಸವೇ ಉಳಿದಿರುವುದಿಲ್ಲ, ನೀರು ಹಚ್ಚಿದಷ್ಟೂ ಮುದ್ದೆ ದೊಡ್ಡದಾಗುತ್ತದೆ. ಪರದೆಯಲ್ಲಿ ಚುಕ್ಕೆಗಳು ಕಂಡರೆ ಒಣ ಬೆರಳು, ಗೆರೆಯಿಲ್ಲದ ಬೂದುಬಣ್ಣ ಕಂಡರೆ ಸವೆದ ಬೆರಳು ಎಂದು ಯಂತ್ರ ನಡೆಸುವವರು ಗುರುತಿಸಬಹುದು. ಎರಡನೆಯದಾದರೆ ಮತ್ತೆ ಮತ್ತೆ ಒತ್ತಿಸುವುದರಿಂದ ಏನೂ ಸಿಗದು. ಆಧಾರ್ ವ್ಯವಸ್ಥೆಯಲ್ಲಿ ಕಣ್ಣಿನ ಪಾಪೆಯ ಗುರುತು, ಮುಖದ ಗುರುತು, ಮೊಬೈಲಿಗೆ ಬರುವ ಒಟಿಪಿ ಎಂಬ ಬೇರೆ ದಾರಿಗಳಿವೆ. ದುಡಿದು ಸವೆದ ಬೆರಳಿನವರನ್ನು ಬರಿಗೈಯಲ್ಲಿ ಕಳಿಸುವ ಮೊದಲು ದಯವಿಟ್ಟು ಅವುಗಳನ್ನು ಬಳಸಿ.