ಒಬ್ಬರಿಗಾಗಿಯೇ ಇಪ್ಪತ್ತೈದು ಸೆಕೆಂಡು

ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಿಎನ್‌ಸಿ ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ಅದರ ಪ್ಲಾಂಟ್ ಮ್ಯಾನೇಜರ್‌ಗೆ ದಿನಾ ಬೆಳಗ್ಗೆ ‘ಡಿಯರ್ ಸರ್’ ಎಂದು ಶುರುವಾಗುವ ಮೇಲ್‌ಗಳ ರಾಶಿ ಬಂದು ಬೀಳುತ್ತದೆ. ಕಟಿಂಗ್ ಆಯಿಲ್ ಮಾರುವವರು, ಸಾಫ್ಟ್‌ವೇರ್ ಮಾರುವವರು, ಸಾಲ ಕೊಡುವವರು ಎಲ್ಲರೂ ಅದರಲ್ಲಿ ಇರುತ್ತಾರೆ. ಅವರಲ್ಲಿ ಒಬ್ಬರ ಪರಿಚಯವೂ ಇವರಿಗಿಲ್ಲ. ಹೀಗೆ ಗುರುತು ಪರಿಚಯವಿಲ್ಲದವರನ್ನು ಮೊದಲ ಬಾರಿಗೆ ಎಡತಾಕುವುದನ್ನು ಮಾರಾಟದವರು ಕೋಲ್ಡ್ ಔಟ್‌ರೀಚ್ ಎನ್ನುತ್ತಾರೆ. ಆ ರಾಶಿಯಲ್ಲಿ ತಮ್ಮ ಮೇಲ್ ಕಣ್ಣಿಗೆ ಬೀಳಲಿ ಎಂದು ಅವರು ಹಿಡಿದಿರುವ ಹೊಸ ದಾರಿ, ಒಬ್ಬರೇ ಗ್ರಾಹಕರನ್ನು ಉದ್ದೇಶಿಸಿ ಮಾಡಿದ ಅರ್ಧ ನಿಮಿಷದೊಳಗಿನ ವಿಡಿಯೊ.

ಇದಕ್ಕೆಂದೇ ಲೂಮ್, ವಿಡ್‌ಯಾರ್ಡ್, ಬಾಂಬ್‌ಬಾಂಬ್‌ನಂಥ ಉಪಕರಣಗಳಿವೆ. ಲೂಮ್ ಕಂಪನಿಯನ್ನು 2023ರಲ್ಲಿ ಅಟ್ಲಾಸಿಯನ್ ಸುಮಾರು 97.5 ಕೋಟಿ ಡಾಲರ್‌ಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಅಮೆರಿಕದ ಗ್ರಾಹಕರಿಗಾಗಿ ರಾತ್ರಿ ಪಾಳಿ ಮಾಡುವ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಸೇಲ್ಸ್ ಹುಡುಗ ಹುಡುಗಿಯರಿಗೆ ಇವು ಹೊಸವಲ್ಲ. ರೆಕಾರ್ಡ್ ಮಾಡುವುದೇನೋ ಸುಲಭವಾಗಿದೆ. ಏನು ಹೇಳಬೇಕು ಎನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ.

ಪೀಣ್ಯದ ಮ್ಯಾನೇಜರ್‌ಗೇ ಬರೋಣ. ಕಾರ್ಖಾನೆಗಳ ಏರ್ ಲೈನ್‌ಗಳಲ್ಲಿ ಗಾಳಿ ಸೋರುವ ಜಾಗಗಳನ್ನು ಪತ್ತೆ ಹಚ್ಚಿಕೊಡುವ ಸಣ್ಣ ಕಂಪನಿಯೊಂದು ಅವರನ್ನು ಸಂಪರ್ಕಿಸಬೇಕಿದೆ. ಸಾಮಾನ್ಯವಾಗಿ ಬರೆಯುವ ಸ್ಕ್ರಿಪ್ಟ್ ಹೀಗಿರುತ್ತದೆ: “ನಮಸ್ಕಾರ ಸರ್, ನಾನು ಇಂಥ ಕಂಪನಿಯಿಂದ ಮಾತಾಡ್ತಿದೀನಿ. ನಾವು ಹಲವು ವರ್ಷಗಳಿಂದ ಈ ಕ್ಷೇತ್ರದಲ್ಲಿದೀವಿ. ನಮ್ಮ ಅತ್ಯಾಧುನಿಕ ಸೇವೆಯಿಂದ ನಿಮ್ಮ ಕರೆಂಟ್ ಖರ್ಚು ಉಳಿಯುತ್ತೆ. ಒಂದು ಅರ್ಧ ಗಂಟೆ ಟೈಮ್ ಕೊಟ್ರೆ ಬಂದು ವಿವರಿಸ್ತೀನಿ.” ಇದರಲ್ಲಿ ಕೇಳುವವರ ಬಗ್ಗೆ ಒಂದು ಮಾತೂ ಇಲ್ಲ. ‘ಸರ್’ ಹಿಂದೆ ಅವರ ಹೆಸರು ಸೇರಿಸಿದರೂ ಇದು ಅವರದ್ದಾಗುವುದಿಲ್ಲ. ಯಾಕೆಂದರೆ ಹೆಸರು ಬದಲಿಸಿ ಪಕ್ಕದ ರಸ್ತೆಯ ಕಾರ್ಖಾನೆಗೂ ಇದನ್ನೇ ಕಳಿಸಬಹುದು. ಒಂದು ಸ್ಕ್ರಿಪ್ಟ್ ನಿಜವಾಗಿಯೂ ಒಬ್ಬರಿಗಾಗಿ ಬರೆದದ್ದೋ ಅಲ್ಲವೋ ಎಂದು ತಿಳಿಯುವ ಪರೀಕ್ಷೆ ಇದೇ: ಹೆಸರು ಬದಲಿಸಿ ಓದಿ. ಆಗಲೂ ಹೊಂದಿದರೆ ಅದು ಎಲ್ಲರಿಗೂ ಹಂಚುವ ಕರಪತ್ರ.

ಆದ್ದರಿಂದ ಬರೆಯುವ ಮೊದಲು ಹುಡುಕಾಟ. ಕಂಪನಿಯ ವೆಬ್‌ಸೈಟ್, ಲಿಂಕ್ಡ್‌ಇನ್ ಪುಟ, ಕೆಲಸಕ್ಕೆ ಜನ ಬೇಕೆಂದು ಹಾಕಿದ ಜಾಹೀರಾತು ಇವಿಷ್ಟು ಸಾಕು. ರಾತ್ರಿ ಪಾಳಿಗೆ ಆಪರೇಟರ್‌ಗಳು ಬೇಕೆಂದು ಈ ಕಾರ್ಖಾನೆಯವರು ಜಾಹೀರಾತು ಹಾಕಿದ್ದಾರೆ ಎನ್ನಿ. ಗಾಳಿ ಸೋರಿಕೆ ಹುಡುಕುವವರಿಗೆ ಇದು ದೊಡ್ಡ ಸುಳಿವು. ಕಂಪ್ರೆಸರ್ ಉತ್ಪಾದಿಸುವ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಸೋರಿ ಹೋಗುವುದು ನಿರ್ವಹಣೆ ಸರಿಯಿಲ್ಲದ ಕಾರ್ಖಾನೆಗಳಲ್ಲಿ ಸಾಮಾನ್ಯ. ಮೂರನೇ ಪಾಳಿ ಶುರುವಾದರೆ ಆ ಸೋರಿಕೆಗೆ ರಾತ್ರಿಯೂ ಬಿಡುವಿಲ್ಲ. ಈ ಸುಳಿವಿನ ಮೇಲೆ ಸ್ಕ್ರಿಪ್ಟ್ ಹೀಗೆ ತಿದ್ದಬಹುದು:

“ನಮಸ್ಕಾರ ಸರ್. ರಾತ್ರಿ ಪಾಳಿಗೆ ಆಪರೇಟರ್ ಬೇಕು ಅಂತ ನೀವು ಹಾಕಿರೋ ಜಾಹೀರಾತು ನೋಡಿದೆ. ಮೂರನೇ ಪಾಳಿ ಶುರುವಾದ್ರೆ ಏರ್ ಲೈನಿನ ಸೋರಿಕೆಯೂ ಇಪ್ಪತ್ನಾಲ್ಕು ಗಂಟೆ ನಡೆಯುತ್ತೆ. ಈ ಭಾನುವಾರ ಯಂತ್ರಗಳೆಲ್ಲ ನಿಂತಿರುವಾಗ ಕಂಪ್ರೆಸರ್ ಹಾಕಿ, ಹತ್ತು ನಿಮಿಷದಲ್ಲಿ ಎಷ್ಟು ಹೊತ್ತು ಲೋಡ್ ಆಗುತ್ತೆ ನೋಡಿ. ಎರಡು ನಿಮಿಷ ದಾಟಿದ್ರೆ ‘ದಾಟಿದೆ’ ಅಂತ ಒಂದು ಮೆಸೇಜ್ ಹಾಕಿ. ಸೋರೋ ಜಾಗ ಹುಡುಕಿಕೊಡೋದು ನಮ್ಮ ಕೆಲಸ.”

ಒಟ್ಟು 46 ಪದ. ಅವಸರವಿಲ್ಲದೆ ಹೇಳಿದರೆ 25 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಕೈಪಿಡಿಗಳು ನಿಮಿಷಕ್ಕೆ 130ರಿಂದ 150 ಪದಗಳ ಲೆಕ್ಕ ಕೊಡುತ್ತವೆ. ಪ್ರತ್ಯಯಗಳೆಲ್ಲ ಅಂಟಿಕೊಂಡು ಪದಗಳು ಉದ್ದವಾಗುವ ಕನ್ನಡಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ ಸ್ಟಾಪ್‌ವಾಚ್ ನೋಡುವುದೇ ಸರಿ.

ಇಲ್ಲಿ ಮಾರುವವರ ಪರಿಚಯ ಕೊನೆಯ ಸಾಲಿಗೆ ಹೋಗಿದೆ. ಹೆಸರು, ಕಂಪನಿ, ಫೋನ್ ನಂಬರ್ ಇವೆಲ್ಲ ಮೇಲ್‌ನ ಕೆಳಗೆ ಅಕ್ಷರದಲ್ಲಿದ್ದರೆ ಸಾಕು, ಸೆಕೆಂಡುಗಳನ್ನು ಅದಕ್ಕೆ ಸುರಿಯಬೇಕಿಲ್ಲ. ಕೇಳಿಕೆಯೂ ಚಿಕ್ಕದಾಗಿದೆ. ಅಪರಿಚಿತರಿಗೆ ಅರ್ಧ ಗಂಟೆ ಬಿಟ್ಟುಕೊಡಲು ಯಾರಿಗೂ ಮನಸ್ಸಾಗದು, ಒಂದು ಪದದ ಉತ್ತರ ಬರೆಯಲು ಕಷ್ಟವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮ್ಯಾನೇಜರ್ ಈ ಕಂಪನಿಗೆ ಒಂದು ರೂಪಾಯಿ ಕೊಡದಿದ್ದರೂ ಅವರ ಕೈಗೆ ಒಂದು ಪರೀಕ್ಷೆ ಸಿಕ್ಕಿತು. ಯಾವ ಯಂತ್ರವೂ ಗಾಳಿ ಬಳಸದಿರುವಾಗ ಕಂಪ್ರೆಸರ್ ಹತ್ತರಲ್ಲಿ ಎರಡು ನಿಮಿಷ ಲೋಡ್ ಆದರೆ, ಅದರ ಸಾಮರ್ಥ್ಯದ ಐದನೇ ಒಂದು ಭಾಗ ಸೋರಿಕೆಗೇ ಹೋಗುತ್ತಿದೆ ಎಂದರ್ಥ. ಶೇ 10ರೊಳಗಿದ್ದರೆ ನಿರ್ವಹಣೆ ಚೆನ್ನಾಗಿದೆ ಎನ್ನಬಹುದು.

ಆದರೆ ಈ ಸ್ಕ್ರಿಪ್ಟಿನಲ್ಲೂ ಒಂದು ಗುಂಡಿಯಿದೆ. ಲೋಡ್ ಆಗಿ ಅನ್‌ಲೋಡ್ ಆಗುವ ಕಂಪ್ರೆಸರ್‌ಗಳಿಗೆ ಮಾತ್ರ ಈ ಪರೀಕ್ಷೆ ನಡೆಯುತ್ತದೆ. ಗಾಳಿಯ ಬೇಡಿಕೆಗೆ ತಕ್ಕಂತೆ ಮೋಟರಿನ ವೇಗ ಬದಲಿಸುವ ವಿಎಫ್‌ಡಿ ಕಂಪ್ರೆಸರ್ ಅಲ್ಲಿದ್ದರೆ, ವಿಡಿಯೊ ನೋಡಿದ ಮ್ಯಾನೇಜರ್ ‘ಇವನಿಗೆ ಕೆಲಸವೇ ಗೊತ್ತಿಲ್ಲ’ ಎಂದು ಮುಚ್ಚಿಬಿಡುತ್ತಾರೆ. ಅಲ್ಲಿಗೆ ಆ ಗ್ರಾಹಕರು ಕೈತಪ್ಪಿದಂತೆ. ಜಾಹೀರಾತು ಪಾಳಿಯ ಬಗ್ಗೆ ಹೇಳಿತು, ಕಂಪ್ರೆಸರ್ ಬಗ್ಗೆ ಹೇಳಲಿಲ್ಲ. ವೆಬ್‌ಸೈಟಿನ ಫೋಟೊಗಳಲ್ಲಿ ಯಂತ್ರದ ಹೆಸರು ಕಂಡರೆ ಸರಿ. ಕಾಣದಿದ್ದರೆ ‘ನಿಮ್ಮದು ವಿಎಫ್‌ಡಿ ಅಲ್ಲದಿದ್ದರೆ’ ಎಂಬ ಮೂರು ಪದ ಸೇರಿಸುವುದು ಜಾಣತನ. ಹುಡುಕಾಟಕ್ಕೆ ಇನ್ನೊಂದು ಗಡಿಯೂ ಇದೆ. ಕಂಪನಿಯ ಜಾಹೀರಾತು ನೋಡಿದೆ ಎಂದರೆ ಶ್ರದ್ಧೆ, ನಿಮ್ಮ ಮಗಳ ಹುಟ್ಟುಹಬ್ಬದ ಫೋಟೊ ನೋಡಿದೆ ಎಂದರೆ ಬೆನ್ನು ಹತ್ತಿದಂತೆ.

ಕಳಿಸುವುದರಲ್ಲೂ ಸೂಕ್ಷ್ಮವಿದೆ. ಜಿಮೇಲ್‌ನಂಥ ಕಡೆ ವಿಡಿಯೊ ಮೇಲ್‌ನೊಳಗೇ ಓಡುವುದಿಲ್ಲ. ಅಲ್ಲಿ ಕಾಣುವುದು ಒಂದು ಚಿತ್ರ, ಅದನ್ನು ಒತ್ತಿದರೆ ವಿಡಿಯೊ ಬೇರೆ ಪುಟದಲ್ಲಿ ತೆರೆಯುತ್ತದೆ. ಹಾಗಾಗಿ ಆ ಚಿತ್ರವೇ ಬಾಗಿಲು. ಅನೇಕರು ಬಿಳಿ ಬೋರ್ಡಿನ ಮೇಲೆ ಗ್ರಾಹಕರ ಹೆಸರು ಬರೆದು ಕೈಯಲ್ಲಿ ಹಿಡಿದಿರುತ್ತಾರೆ. ಇದು ತಮಗಾಗಿಯೇ ಮಾಡಿದ್ದು ಎಂದು ನೋಡಿದವರಿಗೆ ಒತ್ತುವ ಮೊದಲೇ ಗೊತ್ತಾಗಲಿ ಎಂದು ಹೀಗೆ. ಶಾಪ್ ಫ್ಲೋರ್‌ನ ಗದ್ದಲದಲ್ಲಿ ನಿಂತವರು ದನಿ ಕೇಳಿಸಿಕೊಳ್ಳಲಾರರು, ಆದ್ದರಿಂದ ಮಾತುಗಳು ಪರದೆಯ ಮೇಲೆ ಅಕ್ಷರವಾಗಿಯೂ ಇರಬೇಕು.

ಯಾರು ಎಷ್ಟು ನೋಡಿದರು ಎಂಬುದನ್ನು ಈ ಉಪಕರಣಗಳು ತೋರಿಸುತ್ತವೆ. ತಪ್ಪು ಎಲ್ಲಿದೆ ಎಂದು ತಿಳಿಯುವುದೂ ಅದರಿಂದಲೇ. ಯಾರೂ ಒತ್ತಲೇ ಇಲ್ಲವೆಂದರೆ ಮೇಲ್‌ನ ತಲೆಬರಹವೋ ಚಿತ್ರವೋ ಸಪ್ಪೆಯಾಗಿದೆ. ಐದನೇ ಸೆಕೆಂಡಿಗೇ ಬಿಟ್ಟುಹೋದರೆ ಮೊದಲ ಸಾಲು ತಿದ್ದಬೇಕು. ಪೂರ್ತಿ ನೋಡಿಯೂ ಉತ್ತರ ಬರಲಿಲ್ಲವೆಂದರೆ ಕೊನೆಯ ಕೇಳಿಕೆ ದೊಡ್ಡದಾಗಿದೆ, ಇಲ್ಲವೇ ಅವರಿಗೆ ಅದರ ಅಗತ್ಯವೇ ಇಲ್ಲ.

ನಿಯಮಗಳನ್ನೂ ಮರೆಯುವಂತಿಲ್ಲ. ಅಮೆರಿಕದ 2003ರ ಕ್ಯಾನ್‌-ಸ್ಪ್ಯಾಮ್ ಕಾಯ್ದೆಯ ಪ್ರಕಾರ ವ್ಯಾಪಾರದ ಮೇಲ್‌ನಲ್ಲಿ ಕಳಿಸುವವರ ಅಂಚೆ ವಿಳಾಸವೂ ‘ಇನ್ನು ಕಳಿಸಬೇಡಿ’ ಎನ್ನುವ ದಾರಿಯೂ ಇರಬೇಕು, ಬೇಡ ಎಂದವರನ್ನು 10 ಕೆಲಸದ ದಿನಗಳೊಳಗೆ ಪಟ್ಟಿಯಿಂದ ತೆಗೆಯಬೇಕು. ವಾಟ್ಸ್‌ಆ್ಯಪ್ ಬಿಸಿನೆಸ್ ನಿಯಮವಂತೂ ಮೊದಲೇ ಒಪ್ಪಿಗೆ ಪಡೆಯದವರಿಗೆ ಸಂದೇಶ ಕಳಿಸಲು ಬಿಡುವುದಿಲ್ಲ. ಅಪರಿಚಿತರಿಗೆ ಮೊದಲ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲೇ ತಳ್ಳುವವರು ಇದನ್ನು ನೆನಪಿಡಬೇಕು.

ಹುಡುಕಿ, ಬರೆದು, ಎರಡು ಮೂರು ಸಲ ಮಾತಾಡಿ ರೆಕಾರ್ಡ್ ಮಾಡುವಷ್ಟರಲ್ಲಿ ಅರ್ಧ ಗಂಟೆ ಸುಲಭವಾಗಿ ಕಳೆಯುತ್ತದೆ. ಇನ್ನೂರು ರೂಪಾಯಿಯ ಸಾಮಾನು ಮಾರುವವರಿಗೆ ಇದು ಗಿಟ್ಟುವ ಬಾಬತ್ತಲ್ಲ. ಒಂದು ಆರ್ಡರ್ ಲಕ್ಷ ದಾಟುವ ವ್ಯವಹಾರವಿದ್ದು, ಬೇಕಾದ ಗ್ರಾಹಕರ ಪಟ್ಟಿ ಹತ್ತಿಪ್ಪತ್ತು ಹೆಸರಿನೊಳಗಿದ್ದರೆ ಮಾತ್ರ ಈ ದಾರಿ ಹಿಡಿಯಬಹುದು. ಉಳಿದವರಿಗೆ ನಾಲ್ಕು ಸಾಲಿನ ಅಚ್ಚುಕಟ್ಟಾದ ಮೇಲ್ ಸಾಕು.