ದಿಂಬಿನ ಕೆಳಗಿನ ಬಾಟಲಿ

ರಾತ್ರಿ ಎರಡೂವರೆ. ಎರಡೂ ಹೊಳ್ಳೆ ಕಟ್ಟಿವೆ, ಬಾಯಿಯಲ್ಲಿ ಉಸಿರಾಡಿ ನಾಲಿಗೆ ಒಣಗಿದೆ. ಕಣ್ಣು ಬಿಡುವ ಮೊದಲೇ ಕೈ ದಿಂಬಿನ ಕೆಳಗಿನ ಪುಟ್ಟ ಬಾಟಲಿಗೆ ಹೋಗುತ್ತದೆ. ಈ ಹೊಳ್ಳೆಗೆರಡು ಹನಿ, ಆ ಹೊಳ್ಳೆಗೆರಡು. ಕೆಲವೇ ನಿಮಿಷದಲ್ಲಿ ಮೂಗು ಬಿಟ್ಟುಕೊಂಡು ನಿದ್ದೆ ಹತ್ತುತ್ತದೆ. ಬೆಳಗಿನ ಆರಕ್ಕೆ ಮತ್ತೆ ಅದೇ ಪಾಡು.

ಮೂಗಿನ ಹನಿಗೆ ಅಂಟಿಕೊಂಡವರ ಕಥೆಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಅವನ್ನೆಲ್ಲ ಸೇರಿಸಿ ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಳ್ಳೋಣ: ಬಟ್ಟೆ ಅಂಗಡಿಯಲ್ಲಿ ಕೆಲಸ, ವಯಸ್ಸು ನಲವತ್ತರ ಆಸುಪಾಸು. ಮಳೆಗಾಲದ ನೆಗಡಿಗೆಂದು ಮೆಡಿಕಲ್ ಶಾಪಿನಿಂದ ತಂದ ಬಾಟಲಿ. ನೆಗಡಿ ವಾರದಲ್ಲಿ ಹೋಯಿತು, ಬಾಟಲಿ ಹೋಗಲಿಲ್ಲ. 8 ತಿಂಗಳ ಮೇಲೆ ನೋಡಿದರೆ ದಿಂಬಿನ ಕೆಳಗೊಂದು, ಸ್ಕೂಟರ್ ಡಿಕ್ಕಿಯಲ್ಲೊಂದು, ಗಲ್ಲಾಪೆಟ್ಟಿಗೆಯಲ್ಲೊಂದು. 10 ಮಿಲಿಲೀಟರ್ ಬಾಟಲಿ ಒಂದು ವಾರ ಬಂದರೆ ಹೆಚ್ಚು. ‘ನನಗೆ ಸೈನಸ್ ಇದೆ’ ಎಂದು ಅವರು ಎಲ್ಲರಿಗೂ ಹೇಳುತ್ತಾರೆ. ಅವರಿಗಿರುವುದು ಸೈನಸ್ ಅಲ್ಲ, ಬಾಟಲಿಯೇ ತಂದ ಕಾಯಿಲೆ.

ಮೂಗು ಕಟ್ಟುವುದು ಸಿಂಬಳ ತುಂಬಿ ಎಂದು ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಅಲ್ಲಿ ತುಂಬಿರುವುದು ರಕ್ತ. ಹೊಳ್ಳೆಯ ಒಳಗೋಡೆಯಿಂದ ಟರ್ಬಿನೇಟ್ ಎಂಬ ಮಡಿಕೆಗಳು ಚಾಚಿಕೊಂಡಿರುತ್ತವೆ. ಅವುಗಳ ಒಳಗೆ ಸ್ಪಂಜಿನಂತೆ ಹೆಣೆದುಕೊಂಡ ರಕ್ತನಾಳಗಳು. ಈ ಸ್ಪಂಜು ಉಬ್ಬಿದರೆ ದಾರಿ ಮುಚ್ಚುತ್ತದೆ, ಕುಗ್ಗಿದರೆ ತೆರೆಯುತ್ತದೆ. ಕ್ಸೈಲೊಮೆಟಜೋಲಿನ್, ಆಕ್ಸಿಮೆಟಜೋಲಿನ್ ಎಂಬ ಔಷಧಗಳು ಆ ರಕ್ತನಾಳಗಳನ್ನು ಹಿಂಡಿ ಸ್ಪಂಜನ್ನು ಕುಗ್ಗಿಸುತ್ತವೆ. ಒಮ್ಮೆ ಹಾಕಿದರೆ ಎಂಟು, ಹತ್ತು ಗಂಟೆ ನಿರಾಳ. ನೆಗಡಿಯ ಮೊದಲೆರಡು ರಾತ್ರಿಗೆ ಇದಕ್ಕಿಂತ ಚುರುಕಾದ ಮದ್ದು ಸಿಗುವುದು ಕಷ್ಟ. ಅದನ್ನು ಒಪ್ಪಿಕೊಳ್ಳಲೇಬೇಕು.

ತೊಡಕು ಶುರುವಾಗುವುದು ಆಮೇಲೆ. ದಿನವೂ ಬಲವಂತವಾಗಿ ಹಿಂಡಿಸಿಕೊಂಡ ರಕ್ತನಾಳಗಳು ಔಷಧಕ್ಕೆ ಓಗೊಡುವುದನ್ನು ಕಡಿಮೆ ಮಾಡುತ್ತವೆ. ಅದರ ಪರಿಣಾಮ ಇಳಿದಾಗ ಮೊದಲಿಗಿಂತ ಹೆಚ್ಚು ಉಬ್ಬುತ್ತವೆ. ಹತ್ತು ಗಂಟೆಯ ನಿರಾಳ ಆರಕ್ಕಿಳಿಯುತ್ತದೆ, ಆಮೇಲೆ ಮೂರಕ್ಕೆ. ವೈದ್ಯರು ಇದನ್ನು ರೈನೈಟಿಸ್ ಮೆಡಿಕಮೆಂಟೋಸಾ ಎನ್ನುತ್ತಾರೆ, ಎಂದರೆ ಮದ್ದಿನಿಂದ ಬಂದ ಮೂಗಿನ ಊತ. 1946ರಷ್ಟು ಹಿಂದೆಯೇ ಅಮೆರಿಕದ ವೈದ್ಯಕೀಯ ಬರಹದಲ್ಲಿ ಈ ಹೆಸರು ಬಂದಿತ್ತು.

ಹಾಗಾದರೆ ಎಷ್ಟು ದಿನ ಹಾಕಬಹುದು? ಅಮೆರಿಕದ ಬಾಟಲಿಗಳ ಮೇಲೆ 3 ದಿನ ಎಂದಿರುತ್ತದೆ, ಬೇರೆಡೆ 5ರಿಂದ 7 ದಿನ ಎನ್ನುವುದೂ ಉಂಟು. ಊತ ಯಾರಿಗೆ ಯಾವ ದಿನ ತಿರುಗಿ ಬರುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ತರಹ, ಅದಕ್ಕೇ ಈ ವ್ಯತ್ಯಾಸ. 3 ದಿನಕ್ಕೆ ನಿಲ್ಲಿಸಿದರೆ ಸುರಕ್ಷಿತ, 5ನ್ನು ದಾಟುವುದಾದರೆ ವೈದ್ಯರನ್ನು ಕೇಳಿಯೇ ದಾಟಬೇಕು. ರಾತ್ರಿ ಮಾತ್ರ ಹಾಕಿಕೊಂಡರೂ ಅದು ಒಂದು ದಿನದ ಲೆಕ್ಕವೇ.

ಇದು ಅಲರ್ಜಿಯೋ, ಬಾಟಲಿಯ ಕೆಲಸವೋ ಎಂದು ಗುರುತಿಸಲು ಕೆಲವು ಸುಳಿವುಗಳಿವೆ. ಅಲರ್ಜಿಯಾದರೆ ಸಾಮಾನ್ಯವಾಗಿ ಸೀನು, ತುರಿಕೆ, ನೀರಿನಂತೆ ಸುರಿಯುವ ಮೂಗು ಇರುತ್ತವೆ. ಬಾಟಲಿಯ ಕಾಯಿಲೆಯಲ್ಲಿ ಬರೀ ಕಟ್ಟುವಿಕೆ. ಸೀನಿಲ್ಲ, ಸಿಂಬಳವೂ ಅಷ್ಟಾಗಿ ಇಲ್ಲ, ಹನಿಯ ಗುಣ ಮಾತ್ರ ವಾರವಾರಕ್ಕೂ ಗಿಡ್ಡವಾಗುತ್ತ ಹೋಗುತ್ತದೆ. ಒಂದೇ ಹೊಳ್ಳೆ ಸದಾ ಕಟ್ಟಿದ್ದು ಅದರಿಂದ ರಕ್ತ ಬರುತ್ತಿದ್ದರೆ ಅದು ಬೇರೆಯೇ ವಿಷಯ, ತಡಮಾಡದೆ ಇ.ಎನ್.ಟಿ. ವೈದ್ಯರಿಗೆ ತೋರಿಸಬೇಕು.

ನಮ್ಮ ಬಟ್ಟೆ ಅಂಗಡಿಯವರು ಒಮ್ಮೆ ಛಲ ಹಿಡಿದು ಮೂರೂ ಬಾಟಲಿ ಎಸೆದರು. ಮಾರನೆಯ ರಾತ್ರಿ ಒಂದು ಗಂಟೆಗೆ ಬಾಗಿಲು ತೆರೆದಿರುವ ಮೆಡಿಕಲ್ ಶಾಪ್ ಹುಡುಕಿಕೊಂಡು ಹೊರಟರು. ಅದನ್ನು ಛಲದ ಸೋಲೆಂದು ಕರೆಯುವುದು ತಪ್ಪು. ನಿಲ್ಲಿಸಿದ ಮೇಲಿನ ಮೊದಲ ಕೆಲವು ರಾತ್ರಿಗಳಲ್ಲಿ ಊತ ಅತಿ ಹೆಚ್ಚು. ಅದಕ್ಕೆ ತಯಾರಿ ಇಲ್ಲದೆ ಹೋದವರು ಸಾಮಾನ್ಯವಾಗಿ ಹೀಗೇ ವಾಪಸು ಬರುತ್ತಾರೆ.

ಎರಡನೆಯ ಸಲ ಅವರು ಇ.ಎನ್.ಟಿ. ವೈದ್ಯರ ಬಳಿ ಹೋದರು. ವೈದ್ಯರು ಮೊದಲು ಮೂಗಿನೊಳಗೆ ಬೆಳಕು ಬಿಟ್ಟು ನೋಡಿದರು. ಮೂಗಿನ ನಡುಗೋಡೆ ಸೊಟ್ಟಗಿದ್ದರೆ, ಒಳಗೆ ದುರ್ಮಾಂಸ ಬೆಳೆದಿದ್ದರೆ, ಹನಿ ಬಿಟ್ಟರೂ ಮೂಗು ಬಿಡುವುದಿಲ್ಲ. ಇವರಿಗೆ ಅದೇನೂ ಇರಲಿಲ್ಲ. ಬರೆದುಕೊಟ್ಟಿದ್ದು ಫ್ಲುಟಿಕಸೋನ್ ಎಂಬ ಸ್ಟೆರಾಯ್ಡ್ ಸ್ಪ್ರೇ, ದಿನಕ್ಕೊಂದು ಹೊತ್ತು ಒಂದೊಂದು ಹೊಳ್ಳೆಗೆ ಎರಡೆರಡು ಸಲ. ಸ್ಟೆರಾಯ್ಡ್ ಎಂದೊಡನೆ ಅವರು ಬೆಚ್ಚಿದರು. ಆದರೆ ಇದು ಗುಳಿಗೆಯಂತಲ್ಲ, ಮೈಗೆ ಸೇರುವುದು ಅತ್ಯಲ್ಪ. ಇದು ರಕ್ತನಾಳವನ್ನು ಹಿಂಡುವುದಿಲ್ಲ, ಊತವನ್ನು ನಿಧಾನವಾಗಿ ಇಳಿಸುತ್ತದೆ. ಆದ್ದರಿಂದ ಮೊದಲ ದಿನವೇ ಗುಣ ಕಾಣುವುದಿಲ್ಲ. ಹಲವರು ‘ಇದು ಕೆಲಸ ಮಾಡಲ್ಲ’ ಎಂದು ಮೂಲೆಗೆ ಎಸೆಯುವುದು ಇದರಿಂದಲೇ. ಸ್ವೀಡನ್ನಿನಲ್ಲಿ ಹನಿ ಬಿಟ್ಟ 20 ಜನರಿಗೆ 14 ದಿನ ಕೊಟ್ಟು ನೋಡಿದಾಗ, ಔಷಧವಿಲ್ಲದ ಸ್ಪ್ರೇ ಪಡೆದವರಿಗಿಂತ ಫ್ಲುಟಿಕಸೋನ್ ಪಡೆದವರ ಮೂಗು ಬೇಗ ಬಿಟ್ಟಿತ್ತು.

ಹೊಡೆದುಕೊಳ್ಳುವುದಕ್ಕೂ ಒಂದು ಕ್ರಮವಿದೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿರಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ಆಗ ಸ್ಪ್ರೇಯ ಮೂತಿ ನಡುಗೋಡೆ ಬಿಟ್ಟು ಹೊರಗಿನ ಕಡೆಗೆ, ಕಣ್ಣಿನ ಮೂಲೆಯತ್ತ ತಿರುಗುತ್ತದೆ. ನಡುಗೋಡೆಗೇ ಹೊಡೆಯುತ್ತಿದ್ದರೆ ರಕ್ತ ಬರುತ್ತದೆ. ಜೋರಾಗಿ ಒಳಕ್ಕೆಳೆದರೆ ಔಷಧ ಗಂಟಲಿಗೆ ಇಳಿದು ಕಹಿ ಬಿಟ್ಟು ಇನ್ನೇನೂ ಸಿಗುವುದಿಲ್ಲ.

ವೈದ್ಯರು ಹೇಳಿಕೊಟ್ಟ ಇನ್ನೊಂದು ಉಪಾಯ ಬಲು ಸರಳ: ಒಂದು ಸಲಕ್ಕೆ ಒಂದೇ ಹೊಳ್ಳೆ. ಸ್ಟೆರಾಯ್ಡ್ ಸ್ಪ್ರೇ ಎರಡಕ್ಕೂ, ಹಳೆಯ ಹನಿ ಮಾತ್ರ ಎಡಕ್ಕೆ ಪೂರ್ತಿ ಬಂದ್. ಬಲಕ್ಕೆ ಸದ್ಯಕ್ಕೆ ರಾತ್ರಿ ಒಂದು ಸಲ. ಒಂದು ದಾರಿ ತೆರೆದಿದ್ದರೆ ಮನುಷ್ಯ ಮಲಗಬಲ್ಲ. ಮೊದಲ ಮೂರು ರಾತ್ರಿ ಎಡ ಹೊಳ್ಳೆ ಕಲ್ಲಾಗಿತ್ತು. ಎರಡು ದಿಂಬಿಟ್ಟು ತಲೆ ಎತ್ತರಿಸಿಕೊಂಡರು, ದಿನಕ್ಕೆ ನಾಲ್ಕೈದು ಸಲ ಉಪ್ಪುನೀರಿನ ಸ್ಪ್ರೇ ಹೊಡೆದುಕೊಂಡರು. ಐದನೆಯ ದಿನ ಬೆಳಗ್ಗೆ ಆ ಹೊಳ್ಳೆಯಲ್ಲಿ ಸಣ್ಣದಾಗಿ ಗಾಳಿ ಆಡಿತು. ಹತ್ತನೆಯ ದಿನಕ್ಕೆ ಸರಾಗ. ಆಮೇಲೆ ಬಲ ಹೊಳ್ಳೆಯ ಸರದಿ. ಕೆಲವರು ಎರಡನ್ನೂ ಒಟ್ಟಿಗೆ ಬಿಟ್ಟು ಗೆಲ್ಲುತ್ತಾರೆ, ಅದೂ ತಪ್ಪಲ್ಲ. ಯಾವ ದಾರಿಯಾದರೂ ಪೂರ್ತಿ ಸರಿಹೋಗಲು ಕೆಲವು ವಾರ ಬೇಕಾಗಬಹುದು.

ಉಪ್ಪುನೀರನ್ನು ಮನೆಯಲ್ಲೇ ಮಾಡಿಕೊಂಡು ಮೂಗು ತೊಳೆಯುವವರು ನಲ್ಲಿ ನೀರನ್ನೋ ಬಾವಿ ನೀರನ್ನೋ ಹಾಗೇ ಬಳಸಬಾರದು, ಕುದಿಸಿ ಆರಿಸಿದ ನೀರೇ ಆಗಬೇಕು. ಮೆದುಳಿಗೆ ಸೋಂಕು ತರುವ ಅಮೀಬಾ ಮೂಗಿನ ಮೂಲಕವೇ ಒಳಹೋಗುತ್ತದೆ. ರಕ್ತದೊತ್ತಡ, ಹೃದಯದ ತೊಂದರೆ, ಗ್ಲಾಕೋಮಾ ಇರುವವರಿಗಂತೂ ಹಳೆಯ ಹನಿ 3 ದಿನಕ್ಕೂ ಕೇಳದೆ ಸಲ್ಲದು. ಬಾಟಲಿ ಮಕ್ಕಳ ಕೈಗೆ ಸಿಗುವಂತೆಯೂ ಇರಬಾರದು. ಪುಟ್ಟ ಮಗು ಒಂದೆರಡು ಮಿಲಿಲೀಟರ್ ಕುಡಿದರೂ ಎದೆಬಡಿತ ನಿಧಾನವಾಗಿ, ಮಂಪರು ಕವಿದು ಆಸ್ಪತ್ರೆ ಸೇರಬೇಕಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಎಚ್ಚರಿಸಿದೆ. ದಿಂಬಿನ ಕೆಳಗಿನ ಬಾಟಲಿ ಮೊದಲು ಸಿಗುವುದು ಅಂಬೆಗಾಲಿಡುವ ಮಗುವಿಗೇ.

ಸ್ವೀಡನ್ನಿನ ವೈದ್ಯರು ಹನಿ ಬಿಟ್ಟವರನ್ನು ಒಂದು ವರ್ಷದ ನಂತರ ಮತ್ತೆ ನೋಡಿದ್ದರು. ಮೂಗು ಚೆನ್ನಾಗಿಯೇ ಇತ್ತು. ಆದರೆ ಪರೀಕ್ಷೆಗೆಂದು ಅದೇ ಔಷಧವನ್ನು 7 ದಿನ ಕೊಟ್ಟಾಗ ಊತ ಮರಳಿ ಬಂತು. ಮುಂದಿನ ಮಳೆಗಾಲಕ್ಕೆ ಬಟ್ಟೆ ಅಂಗಡಿಯವರಿಗೆ ಮತ್ತೆ ನೆಗಡಿಯಾಯಿತು. ಮೆಡಿಕಲ್ ಶಾಪಿನ ಹುಡುಗ ಅಭ್ಯಾಸಬಲದಿಂದ ಹಳೆಯ ಬಾಟಲಿಯನ್ನೇ ಕೌಂಟರಿನ ಮೇಲಿಟ್ಟ. ಅವರು ಅದನ್ನು ಪಕ್ಕಕ್ಕೆ ಸರಿಸಿ ಉಪ್ಪುನೀರಿನ ಸ್ಪ್ರೇ ಕೇಳಿದರು.